ಕುರ್ತಾ ಪ್ರೆಸೆಂಟೇಶನ್: ನಾರು, ಪರಿಸರ, ಖರ್ಚಿನ ಬಗ್ಗೆ ಏನೇನು ಕೇಳಬಹುದು?

ಕೊನೆ_ಸೆಮ್: ಫ್ಯಾಶನ್ ಡಿಸೈನ್ ಕೊನೇ ವರ್ಷ. ಒಂದೇ ಕುರ್ತಾವನ್ನು ಹತ್ತಿ, 'ಬಿದಿರು' ಬಟ್ಟೆ, ಮರದ ತಿರುಳಿನಿಂದ ಮಾಡೋ ಲಯೋಸೆಲ್ ಮೂರರಲ್ಲೂ ಹೊಲಿದು ಹೋಲಿಸ್ತಿದ್ದೀನಿ. ಹತ್ತಿ ಮೀಟರಿಗೆ 140, ಲಯೋಸೆಲ್ 190 ರೂಪಾಯಿ. ಜ್ಯೂರಿ ಯಾವ ಪ್ರಶ್ನೆಗಳಲ್ಲಿ ಸಿಕ್ಕಿಹಾಕಿಸ್ತಾರೆ? ಅನುಭವ ಇದ್ದವರು ಹೇಳಿ.

ಹಾಸುಹೊಕ್ಕು: ಮೊದಲ ಪ್ರಶ್ನೆ ಬಟ್ಟೆಯ ಅಗಲದ ಮೇಲೇ ಬರುತ್ತೆ. ಮೀಟರ್ ದರ ಹೋಲಿಸಿದರೆ ಅಲ್ಲೇ ಹಿಡೀತಾರೆ, ಒಂದು ಕುರ್ತಾಕ್ಕೆ ಎಷ್ಟು ಬೀಳುತ್ತೆ ಅಂತ ತೋರಿಸಿ. ನಿಮ್ಮ ಹತ್ತಿ 44 ಇಂಚಿನದು, ಕುರ್ತಾಕ್ಕೆ 2.5 ಮೀಟರ್ ಬೇಕು ಅಂತಿಟ್ಟುಕೊಳ್ಳಿ. ಒಗೆದಾಗ ಉದ್ದದಲ್ಲಿ 5% ಕುಗ್ಗಿದರೆ 2.5 ಅನ್ನು 0.95ರಿಂದ ಭಾಗಿಸಿ. 2.63 ಮೀಟರ್ ಕೊಳ್ಳಬೇಕು, ಅಂದರೆ 368 ರೂಪಾಯಿ. ಲಯೋಸೆಲ್ 58 ಇಂಚಿನದಾಗಿ 1.9 ಮೀಟರಲ್ಲಿ ಮುಗಿದು, 2% ಮಾತ್ರ ಕುಗ್ಗಿದರೆ 1.94 ಮೀಟರ್ ಸಾಕು. ಅದಕ್ಕೂ ಸುಮಾರು 369 ರೂಪಾಯಿ! ಮೀಟರಿಗೆ ಇದ್ದ 50 ರೂಪಾಯಿ ವ್ಯತ್ಯಾಸ ಕುರ್ತಾಕ್ಕೆ ಬರುವಾಗ ಮಾಯ.

ಕುಗ್ಗುವಿಕೆಯನ್ನು ಅಂದಾಜಲ್ಲಿ ಹೇಳಬೇಡಿ. ಪ್ರತಿ ಬಟ್ಟೆಯ ಮೇಲೂ ಅಂಚಿನಿಂದ ದೂರ 50 ಸೆಂ.ಮೀ. ಚೌಕ ಗುರುತಿಸಿ, ಒಗೆದು, ಒಣಗಿಸಿ, ಎಳೆಯದೆ ಇಸ್ತ್ರಿ ಮಾಡಿ ಅಳೆಯಿರಿ. 47.5 ಬಂದರೆ 5%. ಹಾಸಿನ ಕಡೆ, ಹೊಕ್ಕಿನ ಕಡೆ ಬೇರೆ ಬೇರೆ ಬರೆದಿಡಿ.

ಕತ್ತರಿ_ಟೇಪು: ಇಷ್ಟೆಲ್ಲ ಯಾಕೆ? 2.5 ಅನ್ನು 44ರಿಂದ ಗುಣಿಸಿ 58ರಿಂದ ಭಾಗಿಸಿದ್ರೆ 1.9 ಬರುತ್ತೆ. ಯಾವ ಅಗಲಕ್ಕೂ ಇದೇ ಲೆಕ್ಕ.

ಹಾಸುಹೊಕ್ಕು: ಕೊಟೇಶನ್‌ಗೆ ಮುಂಚಿನ ಅಂದಾಜಿಗೆ ಸರಿ, ಆದರೆ ಯಾವ ಅಗಲಕ್ಕೂ ಅಲ್ಲ. ಹಿಂಭಾಗ, ಮುಂಭಾಗದ ಪಕ್ಕದಲ್ಲಿ ತೋಳು ಕೂತರೆ ಮಾತ್ರ ಉಳಿತಾಯ. ಎರಡು ಇಂಚು ಸಾಲದೆ ತೋಳು ಕೆಳಗೆ ಜಾರಿದರೆ ಅದರ ಪೂರ್ತಿ ಉದ್ದ ಸೇರಿಕೊಳ್ಳುತ್ತೆ. ಪ್ರಿಂಟ್ ಒಂದೇ ದಿಕ್ಕಿನದಾದರೆ ತುಂಡುಗಳನ್ನು ತಲೆಕೆಳಗಾಗಿ ಇಡೋಕೂ ಆಗಲ್ಲ. 44 ಇಂಚು ಒಗೆದ ಮೇಲೆ 42 ಆದರೂ ಇದೇ ತೊಂದರೆ. ಹಾಗಾಗಿ ತುಂಡುಗಳನ್ನು ಜೋಡಿಸುವ ನಕ್ಷೆ, ಅಂದರೆ ಮಾರ್ಕರ್, ಬಟ್ಟೆ ಮೇಲೆ ಹಾಸಿ, ಫೋಟೋ ಹಾಕಿ.

ಬೊಟೀಕ್_ಅಕ್ಕ: ನಮ್ಮಲ್ಲಿ ಗಿರಾಕಿಗಳು ನಾರು ಕೇಳೋದೇ ಇಲ್ಲಮ್ಮ, ಬಣ್ಣ ಹೋಗುತ್ತಾ ಅಂತಾರೆ ಅಷ್ಟೇ. ನಾನು ಇಳಕಲ್ ಅಂಚು ಹಾಕಿ ಮಾರ್ತೀನಿ. ನೀನು ಯಾವ ಬೆಲೆಗೆ ಮಾರಬೇಕು ಅಂತಿದ್ದೀಯ?

ಕೊನೆ_ಸೆಮ್: ಅಕ್ಕ, ಮಾರಾಟಕ್ಕಲ್ಲ, ಪರೀಕ್ಷೆಗೆ 🙂 ಬಿದಿರಿನದ್ದು ನಿಜವಾಗಿ ಬಿದಿರೇನಾ ಅಂತ ಕೇಳಿದ್ರೆ?

ಕತ್ತರಿ_ಟೇಪು: ಎರಡು ಎಳೆ ಸುಟ್ಟು ನೋಡು. ಕಾಗದದ ವಾಸನೆ, ಮೆತ್ತನೆ ಬೂದಿ ಬಂದ್ರೆ ಬಿದಿರು.

ನೀಲಿ_ಬಾಣಲೆ: ಹತ್ತಿ, ವಿಸ್ಕೋಸ್, ಲಯೋಸೆಲ್ ಮೂರೂ ಹಾಗೇ ಉರಿಯುತ್ತವೆ. ಗಟ್ಟಿ ಮಣಿ ಉಳಿದರೆ ಪಾಲಿಯೆಸ್ಟರ್‌ನಂಥ ಸಿಂಥೆಟಿಕ್ ಬೆರೆತಿದೆ ಅನ್ನಬಹುದು, ಅದಕ್ಕಿಂತ ಹೆಚ್ಚೇನೂ ಗೊತ್ತಾಗಲ್ಲ. ಇನ್ನೊಂದು ಸುಲಭ ಪ್ರಯೋಗ ಇದೆ. ಎಳೆಯ ಮಧ್ಯೆ ಒಂದು ಹನಿ ನೀರಿಟ್ಟು ಎಳೆಯಿರಿ. ವಿಸ್ಕೋಸ್ ಒದ್ದೆಯಾದಲ್ಲೇ ಬೇಗ ಹರಿಯುತ್ತೆ, ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ. ಆದರೆ ತಿರುಳು ಬಿದಿರಿನದೋ ಬೇರೆ ಮರದ್ದೋ ಅನ್ನೋದು ಇದರಿಂದಲೂ ತಿಳಿಯಲ್ಲ.

ಅಂಗಡಿಯಲ್ಲಿ ಬಿದಿರು ಅಂತ ಸಿಗುವ ಮೃದು ಬಟ್ಟೆ ಬಹುಪಾಲು ವಿಸ್ಕೋಸೇ, ಅಂದರೆ ಒಂದು ಬಗೆಯ ರೇಯಾನ್. ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ನಾರು ತೆಗೀತಾರೆ. ಕಾರ್ಬನ್ ಡೈಸಲ್ಫೈಡ್ ಕೆಲಸಗಾರರ ನರಗಳಿಗೆ ಹಾನಿ ಮಾಡುವಂಥದ್ದು. ಅಮೆರಿಕದಲ್ಲಿ ಇಂಥ ಬಟ್ಟೆಗೆ ಬರೀ 'ಬಿದಿರು' ಅಂತ ಲೇಬಲ್ ಹಾಕುವಂತಿಲ್ಲ, 'ಬಿದಿರಿನಿಂದ ಮಾಡಿದ ರೇಯಾನ್' ಅನ್ನಬೇಕು. ಲಯೋಸೆಲ್ ದ್ರಾವಕ ಬೇರೆ, ಅದನ್ನು 99%ಕ್ಕಿಂತ ಹೆಚ್ಚು ಹಿಂಪಡೆದು ಮತ್ತೆ ಬಳಸ್ತಾರೆ. ಬಿದಿರು ಎಷ್ಟು ಬೇಗ ಬೆಳೆಯುತ್ತೆ ಅನ್ನೋ ಸ್ಲೈಡ್ ಇದ್ದರೆ ತೆಗೆದು ಇದನ್ನು ಹಾಕಿ.

ಹಾಸುಹೊಕ್ಕು: ನೀರಿನ ಲೆಕ್ಕದಲ್ಲೂ ಹುಷಾರು. ಒಂದು ಟೀ ಶರ್ಟಿಗೆ 2,700 ಲೀಟರ್ ಅನ್ನೋದು ಎಲ್ಲರ ಸ್ಲೈಡಿನಲ್ಲೂ ಇರುತ್ತೆ. ಅದರಲ್ಲಿ ಮಳೆನೀರೆಷ್ಟು, ಕಾಲುವೆ ನೀರೆಷ್ಟು ಅಂತ ಕೇಳಿದರೆ ಉತ್ತರ ಬೇಕು. ಧಾರವಾಡ ಕಡೆ ಮಳೆಯಾಶ್ರಯದಲ್ಲಿ ಬೆಳೆಯುವ ಜಯಧರ್ ಹತ್ತಿಗೆ ಆ ಅಂಕಿ ಹೊಂದಲ್ಲ. ಆದರೆ ಜಯಧರ್ ಎಳೆ ಗಿಡ್ಡ, ದಪ್ಪ ನೂಲಿಗೇ ಸರಿ. ತೆಳು ಕುರ್ತಾಕ್ಕೆ ಅದನ್ನು ಆರಿಸಿದ್ದೀನಿ ಅಂದರೆ ಮತ್ತೊಂದು ಪ್ರಶ್ನೆ ತಾನಾಗೇ ಬರುತ್ತೆ.

ಕೊನೆ_ಸೆಮ್: ಅಂಗಡಿಯವರು ಸಾವಯವ ಹತ್ತಿ ಅಂತ ಒಂದು ಸರ್ಟಿಫಿಕೇಟ್ ಫೋಟೋ ಕಳಿಸಿದ್ದಾರೆ. ಬಿದಿರಿನದಕ್ಕೆ ಏನೂ ಇಲ್ಲ.

ನೀಲಿ_ಬಾಣಲೆ: ಅದು ಸ್ಕೋಪ್ ಸರ್ಟಿಫಿಕೇಟ್ ಇರಬೇಕು. ಆ ಘಟಕ ಅಂಥ ಬಟ್ಟೆ ಮಾಡಲು ಅರ್ಹ ಅಂತಷ್ಟೇ ಹೇಳುತ್ತೆ. ನಿಮ್ಮ ಬಟ್ಟೆ ಬಂದ ಲಾಟಿಗೆ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಬೇರೆ ಇರುತ್ತೆ, ಅದನ್ನು ಕೇಳಿ. ಸಿಗದಿದ್ದರೆ 'ಮಾರಾಟಗಾರರ ಹೇಳಿಕೆ' ಅಂತಲೇ ಬರೆಯಿರಿ. ಬಿದಿರಿಗೂ ಹಾಗೇ.

ಹಾಸುಹೊಕ್ಕು: ನಾನಾದರೆ ಬಿದಿರು ಅನ್ನೋ ಹೆಸರೇ ತೆಗೆದು ವಿಸ್ಕೋಸ್ ಅಂತ ಹಾಕ್ತೀನಿ.

ನೀಲಿ_ಬಾಣಲೆ: ಬೇಡ, ಅಂಗಡಿಯ ಹೆಸರೂ ಇರಲಿ. ಅದರ ಮೇಲೆ ಜ್ಯೂರಿ ಕೇಳಿದರೆ ಒಳ್ಳೇದೇ, ಉತ್ತರ ಕೈಯಲ್ಲಿರುತ್ತೆ.