ಸಹಾಯ ಬೇಕು: ಅಮ್ಮನ ಠೇವಣಿ ಬಡ್ಡಿ ಅಪ್ಪನ ಲೆಕ್ಕಕ್ಕೆ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 2025-26ರಲ್ಲಿ ಪಿಂಚಣಿ 7,80,000 ರೂಪಾಯಿ, ಠೇವಣಿ ಬಡ್ಡಿ 5,40,000. ಹೊಸ ಪದ್ಧತಿಯಲ್ಲಿ ಪಿಂಚಣಿಗೆ ಸಿಗುವ 75,000 ಕಳೆದರೆ 12,45,000 ಉಳಿಯುತ್ತದೆ. ಹನ್ನೆರಡು ಲಕ್ಷದ ಮಿತಿಗಿಂತ ಹೆಚ್ಚಾದ ಆ 45,000 ಅಷ್ಟೂ ತೆರಿಗೆಗೇ ಹೋಗುತ್ತದೆ, ಮೇಲೆ ಸೆಸ್ ಬೇರೆ.

ಆದರೆ ಆ ಬಡ್ಡಿಯಲ್ಲಿ 70,000 ನಿಜಕ್ಕೂ ಅಮ್ಮನದು. ತವರಿನ ಆಸ್ತಿಯಲ್ಲಿ ಬಂದ ಪಾಲನ್ನು ಜಂಟಿ ಠೇವಣಿ ಇಟ್ಟರು, ಮೊದಲ ಹೆಸರು ಅಪ್ಪನದಾಯಿತು. ಅಮ್ಮನಿಗೆ ಬೇರೆ ಆದಾಯವಿಲ್ಲ. ಅಪ್ಪನ ಹಣವನ್ನೇ ಅಮ್ಮನ ಹೆಸರಿಗೆ ಹಾಕಿದರೆ ಬಡ್ಡಿ ಮತ್ತೆ ಅಪ್ಪನಿಗೇ ಸೇರುತ್ತದೆಂದು ಗೊತ್ತು, ಇದು ಹಾಗಲ್ಲ.

ಬಡ್ಡಿ ಮತ್ತು ಅದರ ಟಿಡಿಎಸ್ ಅಮ್ಮನ ಪ್ಯಾನ್‌ಗೆ ಬರಲು ಅಪ್ಪ ಬ್ಯಾಂಕಿಗೆ ಘೋಷಣಾ ಪತ್ರ ಕೊಡಬಹುದಂತೆ. ಯಾರಾದರೂ ಕೊಟ್ಟಿದ್ದೀರಾ? ಹಣದ ಮೂಲಕ್ಕೆ ವಿಭಾಗ ಪತ್ರ, ಪಾಸ್‌ಬುಕ್ ನಮೂದು ಸಾಕೇ? ದಯವಿಟ್ಟು ತಿಳಿಸಿ.