ಒಂದೇ ಕೋಣೆ, ಮೂರು ಭಾಷೆ: ಗೈಡ್ ಸುತ್ತುಗಳ ಸಮಯ ಹಂಚುವುದು ಹೇಗೆ?

ಕಲ್ಲುಮಂಟಪ: ನಾವು ನೋಡಿಕೊಳ್ಳುವ ಹಳೆಯ ಅರಮನೆಯೊಳಗೆ ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಒಂದು ಸುತ್ತಿಗೆ ಒಂದು ಗಂಟೆ, ಗುಂಪಿಗೆ ಗರಿಷ್ಠ 20 ಜನ. ಪ್ರತಿ ಗಂಟೆಗೆ ಸರಿಯಾಗಿ ಎರಡು ಗುಂಪುಗಳು ಒಟ್ಟಿಗೆ ಹೊರಡುತ್ತವೆ, ಒಂದು ಸ್ಥಳೀಯ ಭಾಷೆಯದು, ಇನ್ನೊಂದು ಇಂಗ್ಲಿಷಿನದು. ಮೂರನೆಯ ಭಾಷೆಗೆ ಮಧ್ಯಾಹ್ನ ಒಂದೇ ಸುತ್ತು. ಚಿತ್ರದ ಕೋಣೆಯ ಬಾಗಿಲಲ್ಲಿ ಎರಡು ಗುಂಪುಗಳೂ ದಿನವೂ ಡಿಕ್ಕಿಯಾಗುತ್ತವೆ. 11 ಗಂಟೆಗೆ ಇಂಗ್ಲಿಷ್ ಗುಂಪು ತುಂಬಿರುತ್ತದೆ, ಪಕ್ಕದ ಗುಂಪಿನಲ್ಲಿ ಆರೇ ಜನ. ಗೈಡ್‌ಗಳು ಮೂವರು. ಎಲ್ಲಿಂದ ಸರಿಪಡಿಸಲಿ?

ಹಳೆಯ ಗೈಡ್: ಒಂದು ಗಡಿಯಾರ ಹಿಡಿದು ಚಿತ್ರದ ಕೋಣೆಯ ಬಾಗಿಲಲ್ಲಿ ಅರ್ಧ ದಿನ ನಿಲ್ಲಿ. ಗೈಡ್ ಎಷ್ಟು ಹೊತ್ತು ಮಾತನಾಡಿದರು ಎಂದು ಅಳೆಯಬೇಡಿ. ಗುಂಪಿನ ಮೊದಲನೆಯವರು ಹೊಸ್ತಿಲು ದಾಟಿದ ಕ್ಷಣದಿಂದ ಕೊನೆಯವರು ಆಚೆ ಬಂದ ಕ್ಷಣದವರೆಗೆ ಅಳೆಯಿರಿ. ಸಾಮಾನ್ಯವಾಗಿ ಎಂಟು ನಿಮಿಷದ ಮಾತಿಗೆ ಒಳಗೆ ಹೋಗಲು ಎರಡು, ಹೊರಬರಲು ಎರಡು ಸೇರಿ 12 ನಿಮಿಷ ಆಗಿರುತ್ತದೆ. ಗುಂಪುಗಳ ನಡುವಿನ ಅಂತರವನ್ನು ನಿರ್ಧರಿಸುವುದು ಆ ಸಂಖ್ಯೆ. ನಿಮ್ಮ ಸುತ್ತು ಒಂದು ಗಂಟೆಯದು ಎಂಬುದಕ್ಕೂ ಗುಂಪುಗಳನ್ನು ಗಂಟೆಗೊಮ್ಮೆ ಹೊರಡಿಸುವುದಕ್ಕೂ ಸಂಬಂಧವೇ ಇಲ್ಲ. 12 ನಿಮಿಷದ ಕೋಣೆಗೆ 15 ನಿಮಿಷಕ್ಕೊಂದು ಗುಂಪನ್ನು ಕಳುಹಿಸಬಹುದು. ಎರಡನ್ನು ಒಟ್ಟಿಗೆ ಮಾತ್ರ ಎಂದಿಗೂ ಕಳುಹಿಸಬಾರದು.

ಆದರೆ ಇನ್ನೊಂದು ಲೆಕ್ಕವಿದೆ. ಒಬ್ಬ ಗೈಡ್‌ಗೆ ಒಂದು ಗಂಟೆ ಸುತ್ತು, ಕನಿಷ್ಠ ಕಾಲು ಗಂಟೆ ವಿಶ್ರಾಂತಿ. 75 ನಿಮಿಷಕ್ಕೊಮ್ಮೆ ಒಬ್ಬರು ಸಿಗುತ್ತಾರೆ ಅಂದರೆ, 15 ನಿಮಿಷಕ್ಕೊಂದು ಗುಂಪು ಹೊರಡಿಸಲು ಐವರು ಬೇಕು. ಮೂವರಿದ್ದರೆ ಅಂತರ 25 ನಿಮಿಷ. ಜನರ ನೆನಪಿಗೆ ಸುಲಭವಾಗಲಿ ಎಂದು 30 ಮಾಡಿಕೊಳ್ಳಿ. ಗಂಟೆಗೆ ಎರಡೇ ಗುಂಪು, ಈಗಿನಷ್ಟೇ ಜನ. ಕೋಣೆಯಲ್ಲಿ ಮಾತ್ರ ಒಂದು ಸಲಕ್ಕೆ ಅರ್ಧ ಜನ.

ಲೆಕ್ಕಿಗ: ಇಷ್ಟೆಲ್ಲ ಏಕೆ? ಗುಂಪನ್ನು 30ಕ್ಕೆ ಏರಿಸಿ. ಎಂಟು ನಿಮಿಷದ ಮಾತು ಇಪ್ಪತ್ತು ಜನಕ್ಕೂ ಅಷ್ಟೇ, ಮೂವತ್ತಕ್ಕೂ ಅಷ್ಟೇ. ಅದೇ ಗೈಡ್, ಅದೇ ಸಂಬಳ, ಒಂದೂವರೆ ಪಟ್ಟು ಟಿಕೆಟ್.

ಹಳೆಯ ಗೈಡ್: ಮಾತಿನ ವಿಷಯದಲ್ಲಿ ನೀವು ಹೇಳುವುದು ಸರಿ. ಬಾಗಿಲಿನ ವಿಷಯದಲ್ಲಿ ಅಲ್ಲ. ಹಳೆಯ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು, ತಲೆ ತಗ್ಗಿಸಿ, ಹೊಸ್ತಿಲು ನೋಡಿಕೊಂಡು. ಒಬ್ಬರಿಗೆ ಆರು ಸೆಕೆಂಡು ಹಿಡಿಯಿರಿ. ಇಪ್ಪತ್ತು ಜನಕ್ಕೆ ಎರಡು ನಿಮಿಷ, ಮೂವತ್ತಕ್ಕೆ ಮೂರು. ಹೋಗಲು, ಬರಲು ಸೇರಿ 12 ನಿಮಿಷದ್ದು 14 ಆಯಿತು. 15 ನಿಮಿಷದ ಅಂತರದಲ್ಲಿ ಉಳಿಯುವುದು ಒಂದೇ ನಿಮಿಷ, ಅದನ್ನು ಒಂದು ಚಪ್ಪಲಿಯ ಪಟ್ಟಿ ಹರಿದರೂ ನುಂಗಿಹಾಕುತ್ತದೆ.

ನೆಲವನ್ನೂ ನೋಡಬೇಕು. ಕಲ್ಲುಮಂಟಪ ಅವರೇ, ಕೋಣೆಯ ಅಳತೆ ಎಷ್ಟು? ಗೋಡೆಯಿಂದ ಎಷ್ಟು ದೂರಕ್ಕೆ ಹಗ್ಗ ಕಟ್ಟಿದ್ದೀರಿ?

ಕಲ್ಲುಮಂಟಪ: ಐದು ಮೀಟರ್ ಅಗಲ, ಆರು ಮೀಟರ್ ಉದ್ದ. ನಾಲ್ಕೂ ಗೋಡೆಗಳಿಂದ ಒಂದು ಮೀಟರ್ ಬಿಟ್ಟು ಹಗ್ಗ.

ಹಳೆಯ ಗೈಡ್: ಹಾಗಾದರೆ ನಿಮ್ಮದು 30 ಚದರ ಮೀಟರಿನ ಕೋಣೆಯಲ್ಲ. ನಿಲ್ಲಲು ಸಿಗುವುದು ಮೂರು ಮೀಟರ್‌ಗೆ ನಾಲ್ಕು ಮೀಟರ್, 12 ಚದರ ಮೀಟರ್. ಇಪ್ಪತ್ತು ಜನ ನಿಂತರೆ ತಲೆಗೆ 0.6. ಇಷ್ಟು ಒತ್ತಾಗಿ ನಿಂತವರು ಮೇಲಿನ ಸಾಲಿನ ಚಿತ್ರ ನೋಡಲು ಹಿಂದೆ ಸರಿಯುತ್ತಾರೆ, ಹಗ್ಗ ಬಾಗುತ್ತದೆ, ಬೆನ್ನಿಗೆ ಹಾಕಿದ ಚೀಲ ಗಾರೆಗೆ ತಾಗುತ್ತದೆ. ಭುಜದ ಎತ್ತರದಲ್ಲಿ ಗೋಡೆಯ ಮೇಲೆ ನುಣುಪಾದ, ಸ್ವಲ್ಪ ಕಪ್ಪಾದ ಪಟ್ಟಿ ಇದೆಯೇ ನೋಡಿ. ಇದ್ದರೆ ನಿಮ್ಮ 20 ಎಂಬ ಮಿತಿಯೇ ಹೆಚ್ಚು. ನಾನಾಗಿದ್ದರೆ 15ಕ್ಕೆ ಇಳಿಸುತ್ತಿದ್ದೆ.

ಕಲ್ಲುಮಂಟಪ: ಪಟ್ಟಿ ಇದೆ. ಅದು ತೇವ ಎಂದುಕೊಂಡಿದ್ದೆವು.

ಬಾವಲಿ: ಇಲ್ಲಿ ಎಲ್ಲರೂ ಗುಂಪಿನ ಗಾತ್ರವನ್ನು ಕಾಲಿಡಲು ಜಾಗ ಇದೆಯೇ ಎಂದು ನೋಡುತ್ತಿದ್ದೀರಿ. ಕೆಲವು ಕಡೆ ಮಿತಿ ಹಾಕುವುದು ಉಸಿರು. ಫ್ರಾನ್ಸಿನ ಲಾಸ್ಕೊ ಗುಹೆಯನ್ನು ಸಾರ್ವಜನಿಕರಿಗೆ 1963ರಲ್ಲಿ ಮುಚ್ಚಿದ್ದಕ್ಕೆ ನೋಡಲು ಬಂದವರ ಉಸಿರಿನ ಇಂಗಾಲದ ಡೈ ಆಕ್ಸೈಡ್ ಮತ್ತು ತೇವವೇ ಮುಖ್ಯ ಕಾರಣ. ಮಾಲ್ಟಾದ ಹಾಲ್ ಸಫ್ಲಿಯೆನಿ ಎಂಬ ನೆಲದಡಿಯ ಸಮಾಧಿ ಸಂಕೀರ್ಣದಲ್ಲಿ ಗಂಟೆಗೆ ಹತ್ತು ಜನ, ದಿನಕ್ಕೆ ಎಂಬತ್ತು, ಅಷ್ಟೇ. ಜಾಗ ಇನ್ನೂ ಇದೆ, ಆದರೆ ಸುಣ್ಣಕಲ್ಲಿನ ಮೇಲಿರುವ ಕೆಂಪು ಬಣ್ಣದ ಚಿತ್ರಗಳು ಹೆಚ್ಚು ಜನರ ತೇವ ತಾಳುವುದಿಲ್ಲ. ನಿಮ್ಮ ಕೋಣೆಗೆ ಕಿಟಕಿ ಇದೆಯೇ?

ಕಲ್ಲುಮಂಟಪ: ಎರಡು ದೊಡ್ಡ ಕಿಟಕಿಗಳಿವೆ, ಗಾಳಿ ಚೆನ್ನಾಗಿ ಆಡುತ್ತದೆ.

ಬಾವಲಿ: ಹಾಗಾದರೆ ಚೀಲದ ಕಡೆಗೇ ಗಮನ ಕೊಡಿ. ಚೀಲಗಳನ್ನು ಹೊರಗೆ ಇಡಿಸಿದರೆ 15ರ ಜಾಗಕ್ಕೆ 16, 17 ಆಗಬಹುದು.

ಕಿವಿಯೋಲೆ: ಗೈಡ್ ಏಕೆ ಬೇಕು ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ಕಿವಿಗೆ ಹಾಕಿಕೊಳ್ಳುವ ಸಾಧನ ಕೊಟ್ಟುಬಿಡಿ. ಹತ್ತು ಭಾಷೆ ತುಂಬಿಸಬಹುದು.

ಬಾವಲಿ: ಒಳಗೆ ಗೈಡ್ ಇಲ್ಲದೆ ಬಿಡುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಆದರೂ ನಿಮ್ಮ ಮಾತಿನಲ್ಲಿ ಒಂದು ಹುರುಳಿದೆ. ನಾನು ಹೇಳಿದ ಮಾಲ್ಟಾದಲ್ಲಿ ವಿವರಣೆ ಆಡಿಯೊ ಸಾಧನದಿಂದಲೇ ಬರುತ್ತದೆ, ಬೇಕಾದ ಭಾಷೆ ಆರಿಸಿಕೊಳ್ಳಬಹುದು, ಸಿಬ್ಬಂದಿಯೊಬ್ಬರು ಜೊತೆಗಿರುತ್ತಾರೆ. ಹೀಗೆ ಮಾಡಿದರೆ ಒಂದೇ ಗುಂಪಿನಲ್ಲಿ ನಾಲ್ಕು ಭಾಷೆಯವರು ನಿಲ್ಲಬಹುದು. ಎಲ್ಲ ಭಾಷೆಯ ಧ್ವನಿಮುದ್ರಣವೂ ಒಂದೇ ಹೊತ್ತಿಗೆ ಮುಗಿಯಬೇಕು, ಅದೊಂದೇ ಕಷ್ಟ. ಒಂದು ಭಾಷೆಯಲ್ಲಿ ಎಂಟು ನಿಮಿಷದ್ದು ಇನ್ನೊಂದರಲ್ಲಿ ಹತ್ತಾದರೆ ಅರ್ಧ ಗುಂಪು ಬಾಗಿಲ ಕಡೆ ಹೊರಟಿರುತ್ತದೆ, ಉಳಿದರ್ಧ ಚಾವಣಿ ನೋಡುತ್ತಿರುತ್ತದೆ.

ದಾರಿಹೋಕಳು: ಒಂದೇ ಸುತ್ತಿನಲ್ಲಿ ಎರಡು ಭಾಷೆ ಎಂಬ ಸುಲಭದ ದಾರಿಗೆ ಮಾತ್ರ ಹೋಗಬೇಡಿ. ಅಮ್ಮನನ್ನು ಕರೆದುಕೊಂಡು ಒಂದು ಕೋಟೆಗೆ ಹೋಗಿದ್ದೆ. ಗೈಡ್ ಪ್ರತಿಯೊಂದನ್ನೂ ಎರಡು ಸಲ ಹೇಳಿದರು. ತಮಾಷೆ ಹೇಳಿದಾಗ ಅರ್ಧ ಜನ ಮೊದಲು ನಕ್ಕರು, ಇನ್ನರ್ಧ ಜನ ಒಂದು ನಿಮಿಷದ ಮೇಲೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಅರ್ಥವಾಗದ ಭಾಷೆ ನಡೆಯುವಾಗ ಅವರು ಮುಂದೆ ಹೋಗಿಬಿಡುತ್ತಿದ್ದರು, ನಾನು ಹಿಂದೆ ಓಡುತ್ತಿದ್ದೆ. ಒಂದು ಗಂಟೆಯದು 85 ನಿಮಿಷ ಹಿಡಿಯಿತು. ಕೊನೆಗೆ ಹಿಂದಿನ ಗುಂಪು ನಮ್ಮ ಬೆನ್ನಿಗೇ ಬಂದು ನಿಂತಿತ್ತು.

ಹಳೆಯ ಗೈಡ್: ನಿಮ್ಮ ಅನುಭವಕ್ಕೆ ಒಂದು ಅಂಕೆ ಸೇರಿಸುತ್ತೇನೆ. ಎಂಟು ನಿಮಿಷದ ಮಾತು ಎರಡು ಭಾಷೆಯಲ್ಲಿ 16 ಆಗುತ್ತದೆ. ಬಾಗಿಲಿನ ನಾಲ್ಕು ಸೇರಿ 20. ಅಲ್ಲಿಗೆ 15 ನಿಮಿಷದ ಅಂತರ ಸತ್ತಿತು. ಅರ್ಧ ಅರ್ಧ ಹೇಳಿ ಮುಗಿಸುತ್ತೇನೆ ಎನ್ನುವ ಗೈಡ್‌ಗಳಿದ್ದಾರೆ. ಆಗ ಎರಡು ಭಾಷೆಯವರಿಗೂ ಅರ್ಧ ಅರಮನೆ.

ಕೀಲಿಕೈ: ಟಿಕೆಟ್ ಕಿಟಕಿಯಲ್ಲಿ ಆರು ವರ್ಷ ಕೂತವಳ ಮಾತು ಕೇಳಿ. ನಿಮ್ಮ ಬುಕಿಂಗ್ ವ್ಯವಸ್ಥೆಯಲ್ಲಿ ಒಂದೇ ಹೊತ್ತಿನ ಎರಡು ಭಾಷೆಗಳು ಎರಡು ಬೇರೆ ಕಾರ್ಯಕ್ರಮಗಳಾಗಿ ದಾಖಲಾಗಿದ್ದರೆ, ಅದು ಎರಡಕ್ಕೂ ಪ್ರತ್ಯೇಕವಾಗಿ 20 ಸೀಟು ಮಾರುತ್ತದೆ. ಒಳಗೆ ಕೋಣೆ ಒಂದೇ ಎಂಬುದು ಅದಕ್ಕೆ ಗೊತ್ತಿಲ್ಲ. ಮೊದಲು ಅದನ್ನು ಸರಿಮಾಡಿಸಿ.

ಇನ್ನೊಂದು ಮಾತು. ಮಾರಾಟವಾದ ಟಿಕೆಟ್ ನೋಡಿ ಭಾಷೆ ಹಂಚಬೇಡಿ. ಇಂಗ್ಲಿಷ್ ತುಂಬಿದೆ ಎಂದಾಗ ಎಷ್ಟೋ ಜನ ಮುಖ ಸಣ್ಣ ಮಾಡಿಕೊಂಡು ಇನ್ನೊಂದು ಭಾಷೆಯ ಟಿಕೆಟ್ ಕೊಳ್ಳುತ್ತಾರೆ, ಇನ್ನೆಷ್ಟೋ ಜನ ತಿರುಗಿ ಹೋಗುತ್ತಾರೆ. ದಾಖಲೆಯಲ್ಲಿ ಮೊದಲನೆಯವರು ಆ ಭಾಷೆ ಬಯಸಿದವರಂತೆ ಕಾಣುತ್ತಾರೆ, ಎರಡನೆಯವರು ಕಾಣುವುದೇ ಇಲ್ಲ. ನಾನು ಕಿಟಕಿಯ ಪಕ್ಕ ಒಂದು ಹಾಳೆ ಇಟ್ಟುಕೊಂಡು, ಬೇಕೆಂದು ಕೇಳಿದ ಭಾಷೆಗೆ ಒಂದು ಗೀಟು ಹಾಕುತ್ತಿದ್ದೆ. ಎರಡು ವಾರದಲ್ಲಿ ನಮ್ಮ ವೇಳಾಪಟ್ಟಿ ತಲೆಕೆಳಗಾಯಿತು.

ಹಳೆಯ ಗೈಡ್: ಗೀಟಿನ ಹಾಳೆ ಬರುವವರೆಗೆ ಒಂದು ಕರಡು. 10ರಿಂದ 4ರವರೆಗೆ ಅರ್ಧ ಗಂಟೆಗೊಂದರಂತೆ 13 ಸುತ್ತು. ಗಂಟೆಗೆ ಸರಿಯಾಗಿ ಸ್ಥಳೀಯ ಭಾಷೆ, ಅರ್ಧಕ್ಕೆ ಇಂಗ್ಲಿಷ್. ಮೂರನೆಯ ಭಾಷೆ ದಿನವೂ 11.30ಕ್ಕೆ. ಅದು ಬಲ್ಲ ಗೈಡ್ ಒಬ್ಬರೇ ಇದ್ದರೆ ಅವರನ್ನು 10ರ ಸುತ್ತಿಗೆ ಹಾಕಿ. ಮೂವರ ಸರದಿಯಲ್ಲಿ ಅವರ ಮುಂದಿನ ಸುತ್ತು ತಾನಾಗಿ 11.30ಕ್ಕೇ ಬರುತ್ತದೆ.

ಕೀಲಿಕೈ: ನಿಲ್ಲಿ. 11.30ರ ಇಂಗ್ಲಿಷನ್ನು ತೆಗೆದರೆ 10.30 ಆದಮೇಲೆ ಇಂಗ್ಲಿಷ್ ಇರುವುದು 12.30ಕ್ಕೆ. 11ಕ್ಕೇ ತುಂಬಿ ತುಳುಕುತ್ತದೆ ಎಂದವರಿಗೆ ಅದೇ ಹೊತ್ತಿನಲ್ಲಿ ಎರಡು ಗಂಟೆಯ ಖಾಲಿ ಕೊಟ್ಟಿರಿ.

ಹಳೆಯ ಗೈಡ್: ತಪ್ಪಾಯಿತು, ಒಪ್ಪಿದೆ. ಮೂರನೆಯ ಭಾಷೆಯನ್ನು 10ಕ್ಕೇ ಹಾಕಿ, ಅದೇ ಗೈಡ್. ಸ್ಥಳೀಯ ಭಾಷೆ 11ಕ್ಕೆ ಶುರುವಾಗುತ್ತದೆ.

ಕಲ್ಲುಮಂಟಪ: ಮೂರನೆಯ ಭಾಷೆಯವರು ಬರುವುದು ಪ್ರವಾಸಿ ಬಸ್ಸಿನಲ್ಲಿ, 10ಕ್ಕೆ ತಲುಪುವುದು ಅವರಿಗೆ ಕಷ್ಟ. ಕೆಲವು ಸುತ್ತುಗಳಿಗೆ ಭಾಷೆಯನ್ನೇ ನಿಗದಿ ಮಾಡದೆ, ಮೊದಲು ಕಾಯ್ದಿರಿಸಿದವರ ಭಾಷೆಗೆ ಬಿಟ್ಟರೆ?

ಕೀಲಿಕೈ: ಒಬ್ಬನೇ ಒಬ್ಬ ಮೂರು ವಾರ ಮೊದಲು ಒಂದು ಟಿಕೆಟ್ ಕೊಂಡು ಹದಿನೈದು ಸೀಟುಗಳ ಭಾಷೆ ನಿರ್ಧರಿಸಿಬಿಡುತ್ತಾನೆ. ಉಳಿದ 14 ಖಾಲಿ ಹೋಗಬಹುದು. ಕನಿಷ್ಠ ನಾಲ್ಕು ಜನ ಆಗುವವರೆಗೆ ಭಾಷೆ ತಾತ್ಕಾಲಿಕ ಎಂದು ಟಿಕೆಟ್ ಮೇಲೆ ಮುದ್ರಿಸಬೇಕು. ಹಿಂದಿನ ಸಂಜೆಯವರೆಗೆ ನಾಲ್ವರು ಆಗದಿದ್ದರೆ ಹಣ ವಾಪಸ್ ಅಥವಾ ಬೇರೆ ಸುತ್ತು.

ದಾರಿಹೋಕಳು: ಹಿಂದಿನ ಸಂಜೆಗೆ ನಾನು ರೈಲು ಹತ್ತಿರುತ್ತೇನೆ. ನನ್ನ ಭಾಷೆಯ ಸುತ್ತು ಇದೆ ಎಂದೇ ಆ ದಿನ ಆರಿಸಿಕೊಂಡಿರುತ್ತೇನೆ. ಹಣ ವಾಪಸ್ ಕೊಟ್ಟು ಏನು ಪ್ರಯೋಜನ? ಮೂವರೇ ಇದ್ದರೂ ಹೇಳಿದ ಸುತ್ತನ್ನು ನಡೆಸಬೇಕು.

ಲೆಕ್ಕಿಗ: ಮೂವರಿಗಾಗಿ ಒಬ್ಬ ಗೈಡನ್ನು ಒಂದು ಗಂಟೆ ಕಳುಹಿಸುವುದು ಯಾವ ನ್ಯಾಯ? ಹೊರಗೆ ಬಿಸಿಲಲ್ಲಿ ಇಪ್ಪತ್ತು ಜನ ಕಾಯುತ್ತಿರುತ್ತಾರೆ.

ದಾರಿಹೋಕಳು: ಆ ಮೂವರಿಗೆ ಮಾತು ಕೊಟ್ಟಿರುವುದು ನೀವು, ಆ ಇಪ್ಪತ್ತು ಜನಕ್ಕೆ ಕೊಟ್ಟಿಲ್ಲ.

ಕಲ್ಲುಮಂಟಪ: ನಿನ್ನೆ ಅರ್ಧ ದಿನ ಗಡಿಯಾರ ಹಿಡಿದು ನಿಂತೆ. ಆರು ಗುಂಪುಗಳಲ್ಲಿ ನಾಲ್ಕು 13 ನಿಮಿಷದೊಳಗೆ ಹೊರಬಂದವು. ಎರಡು 17 ನಿಮಿಷ ಹಿಡಿದವು. ಎರಡರಲ್ಲೂ ಮಾತು ಎಂಟೇ ನಿಮಿಷ. ಮಾತು ಮುಗಿದ ಮೇಲೆ ಒಬ್ಬೊಬ್ಬರೇ ಕಿಟಕಿಯ ಬೆಳಕಿನಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಅಂತರ 30 ನಿಮಿಷ ಇರುವವರೆಗೆ ಇದು ತೊಂದರೆಯಲ್ಲ, ಹಬ್ಬದ ದಿನಗಳಿಗೆ ಐವರು ಗೈಡ್ ತಂದು 15 ಮಾಡಿದರೆ ತೊಂದರೆಯಾಗುತ್ತದೆ. ಮಿತಿ 15 ಎಂದು ಮೇಲಿನವರಿಗೆ ಬರೆದಿದ್ದೇನೆ, ಗೋಡೆಯ ಪಟ್ಟಿಯ ಫೋಟೊ ಲಗತ್ತಿಸಿ. ಅವರು ಕೇಳಿದ ಮೊದಲ ಪ್ರಶ್ನೆಯೇ, ಆ ಹದಿನೈದರಲ್ಲಿ ಗೈಡ್ ಮತ್ತು ಕಂಕುಳ ಕೂಸು ಸೇರಿದ್ದಾರೋ ಇಲ್ಲವೋ ಎಂದು.

ಹಳೆಯ ಗೈಡ್: ನೆಲದ ಲೆಕ್ಕಕ್ಕೆ ಗೈಡ್ ಸೇರುತ್ತಾರೆ, ಅವರೂ ನಿಲ್ಲಬೇಕಲ್ಲ. ತುರ್ತು ಬಾಗಿಲಿನ ಲೆಕ್ಕಕ್ಕೆ ಕೂಸೂ ಸೇರುತ್ತದೆ.

ಕೀಲಿಕೈ: ಟಿಕೆಟ್ ಲೆಕ್ಕಕ್ಕೆ ಇಬ್ಬರೂ ಸೇರುವುದಿಲ್ಲ, ಅಲ್ಲೇ ಎಡವಟ್ಟು ಆಗುವುದು. ಕೂಸಿಗೂ ಶುಲ್ಕವಿಲ್ಲದ ಟಿಕೆಟ್ ಹರಿಯಿರಿ, ವ್ಯವಸ್ಥೆಯಲ್ಲಿ ಮಿತಿಯನ್ನು 14ಕ್ಕೆ ಇಡಿ.