‘ಸಾಂಸ್ಕೃತಿಕ ಬಂಡವಾಳ ಕಡಿಮೆ’ ಅನ್ನಬಹುದಾ?

ರೂಪಾ:

ಎಲ್ಲರಿಗೂ ನಮಸ್ಕಾರ.

ಶಿಕ್ಷಕರಿಗೆಂದು ಬರೆದ ಒಂದು ಪುಸ್ತಿಕೆಯ ಕರಡು ತಿದ್ದುತ್ತಿದ್ದೇನೆ. ಒಂದೇ ತರಗತಿ, ಒಂದೇ ಪಾಠ, ಪಾಠ ಮಾಡುವವರೂ ಒಬ್ಬರೇ, ಆದರೂ ಓದಿದವರ ಮನೆಯ ಮಕ್ಕಳು ಮುಂದೆ ಹೋಗುತ್ತಾರೆ, ಕೂಲಿ ಮಾಡುವವರ ಮಕ್ಕಳು ಹಿಂದೆ ಉಳಿಯುತ್ತಾರೆ, ಇದು ಯಾಕೆ ಅನ್ನುವುದು ವಿಷಯ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಅವರ ಎರಡು ಪದಗಳು ಪುಟಪುಟಕ್ಕೂ ಬರುತ್ತವೆ. ಒಂದು ‘ಸಾಂಸ್ಕೃತಿಕ ಬಂಡವಾಳ’, ಇನ್ನೊಂದು ‘ಸಾಮಾಜಿಕ ಪುನರುತ್ಪಾದನೆ’. ನನಗೆ ಹೊಸ ಪದ ಬೇಕಿಲ್ಲ. ಬಳಕೆ ಸರಿ ಇದೆಯಾ ಅಂತ ಗೊತ್ತಾಗಬೇಕು.

ಕರಡಿನಲ್ಲಿ ‘ಈ ಮಕ್ಕಳ ಮನೆಯಲ್ಲಿ ಸಾಂಸ್ಕೃತಿಕ ಬಂಡವಾಳ ಕಡಿಮೆ’ ಅನ್ನುವ ವಾಕ್ಯವಿದೆ. ಓದಲು ಕೊಟ್ಟಾಗ ಒಬ್ಬ ಶಿಕ್ಷಕರು ‘ಹೌದು ಮೇಡಂ, ಆ ಮನೆಗಳಲ್ಲಿ ಸಂಸ್ಕಾರ ಇರುವುದಿಲ್ಲ’ ಅಂದರು. ಪುಸ್ತಿಕೆ ಹೇಳಲು ಹೊರಟದ್ದು ಇದಕ್ಕೆ ಪೂರ್ತಿ ಉಲ್ಟಾ. ಓದಿದವರು ಹೀಗೆ ತಿಳಿದುಕೊಂಡರೆ ಪುಸ್ತಿಕೆ ಬರದೇ ಇರುವುದೇ ವಾಸಿ. ತೊಡಕು ‘ಸಾಂಸ್ಕೃತಿಕ’ ಅನ್ನುವುದರಲ್ಲಿದೆಯೋ, ‘ಬಂಡವಾಳ’ದಲ್ಲೋ, ಅಥವಾ ‘ಕಡಿಮೆ’ಯಲ್ಲೋ?

ಪ್ರಕಾಶ:

ನನಗೇನೂ ತೊಡಕು ಕಾಣುವುದಿಲ್ಲ. ಮನೆ ತುಂಬ ಪುಸ್ತಕ, ಸಂಗೀತ, ಚಿತ್ರಕಲೆ, ನಾಟಕ, ವಸ್ತುಸಂಗ್ರಹಾಲಯ ನೋಡಲು ಹೋಗುವ ರೂಢಿ, ಇದೇ ಅಲ್ವಾ ಸಾಂಸ್ಕೃತಿಕ ಬಂಡವಾಳ? ಕೆಲವರಿಗೆ ಇದೆ, ಕೆಲವರಿಗೆ ಇಲ್ಲ. ದುಡ್ಡು ಕಡಿಮೆ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಇದಕ್ಕೆ ಯಾಕೆ ಅಷ್ಟು ಅಂಜಿಕೆ? ಆದರೆ ‘ಬಂಡವಾಳ’ ನನಗೆ ಹಿಡಿಸುವುದಿಲ್ಲ. ‘ಅವನ ಬಂಡವಾಳ ಬಯಲಾಯಿತು’ ಅನ್ನುತ್ತೇವೆ, ಒಳಗೇನೂ ಇಲ್ಲದ ಠೀವಿ ಅನ್ನುವ ಅರ್ಥ ಅದಕ್ಕೆ ಅಂಟಿಕೊಂಡಿದೆ. ‘ಸಾಂಸ್ಕೃತಿಕ ಸಂಪತ್ತು’ ಅನ್ನಿ.

ವಸುಧಾ:

ನಾನು ಎರಡನೇ ಪದದ ಬಗ್ಗೆ ಮಾತ್ರ ಹೇಳುತ್ತೇನೆ. ಸಾಮಾಜಿಕ ಪುನರುತ್ಪಾದನೆ ಅಂದರೆ ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳನ್ನು ಸಾಕುವುದು, ಕಾಯಿಲೆಯವರನ್ನು ನೋಡಿಕೊಳ್ಳುವುದು. ನಾಳೆ ಕೆಲಸಕ್ಕೆ ಹೋಗುವ ಆಳನ್ನು ಇವತ್ತು ಮನೆಯಲ್ಲಿ ಸಿದ್ಧ ಮಾಡುವ ಈ ದುಡಿಮೆಗೆ ಸಂಬಳ ಇಲ್ಲ, ಮಾಡುವವರು ಹೆಚ್ಚಾಗಿ ಹೆಂಗಸರು. ಸ್ತ್ರೀವಾದಿ ಬರವಣಿಗೆಯಲ್ಲಿ ಈ ಪದ ನೆಲೆ ನಿಂತಿದೆ. ಅದನ್ನು ಶಾಲೆಯ ಅಂಕಗಳಿಗೆ ಬಳಸಿದರೆ ಓದುವವರು ದಾರಿ ತಪ್ಪುತ್ತಾರೆ.

ನರಹರಿ:

ವಸುಧಾ ಅವರೇ, ನೀವು ಹೇಳುವ ಅರ್ಥ ಖಂಡಿತ ಇದೆ. ಆದರೆ ರೂಪಾ ಅವರ ಕರಡಿನಲ್ಲಿರುವುದು ಬೇರೆ. ಬೋರ್ದಿಯು ಹೇಳುವುದು ವರ್ಗಗಳ ನಡುವಿನ ಅಂತರ ತಲೆಮಾರಿನಿಂದ ತಲೆಮಾರಿಗೆ ಹಾಗೇ ಮತ್ತೆ ಮತ್ತೆ ತಯಾರಾಗುವುದನ್ನು. ಮೇಲಿನವರ ಮಕ್ಕಳು ಮೇಲೆ, ಕೆಳಗಿನವರ ಮಕ್ಕಳು ಕೆಳಗೆ, ಅದೂ ಶಾಲೆಯ ಮೂಲಕ, ಎಲ್ಲರೂ ಒಪ್ಪುವ ಹಾಗೆ. ಪದ ಒಂದೇ, ಹೊಲ ಎರಡು.

ಇನ್ನು ‘ಬಂಡವಾಳ’. ಈ ಯೋಚನೆ ಯಾಕೆ ಬಂತು ಅಂತ ಅವರೇ ಹೇಳಿದ್ದಾರೆ, 1986ರಲ್ಲಿ ಇಂಗ್ಲಿಷಿನಲ್ಲಿ ಬಂದ ಒಂದು ಪ್ರಬಂಧದಲ್ಲಿ. ಬೇರೆ ಬೇರೆ ವರ್ಗದ ಮಕ್ಕಳ ಶಾಲಾ ಫಲಿತಾಂಶ ಯಾಕೆ ಬೇರೆಯಾಗುತ್ತದೆ ಅಂತ ಹುಡುಕುವಾಗ ಹೊಳೆದ ಊಹೆ ಇದು. ಹುಟ್ಟಿನಿಂದ ಬಂದ ಜಾಣತನ ಅನ್ನುವ ಉತ್ತರ ಅವರಿಗೆ ಸಾಕಾಗಲಿಲ್ಲ. ಸಂಪತ್ತು ಸುಮ್ನೆ ಪೆಟ್ಟಿಗೆಯಲ್ಲಿ ಕೂತಿರಬಹುದು. ಬಂಡವಾಳ ಹೂಡಿದರೆ ಬೆಳೆಯುತ್ತದೆ, ಆದಾಯ ತರುತ್ತದೆ, ಮಕ್ಕಳಿಗೆ ದಾಟುತ್ತದೆ. ಹಾಗಾಗಿ ಪ್ರಕಾಶ್ ಅವರೇ, ‘ಸಂಪತ್ತು’ ಇಲ್ಲಿ ನಿಲ್ಲುವುದಿಲ್ಲ.

‘ಕಡಿಮೆ’ಯೇ ನಿಜವಾದ ತೊಂದರೆ. ಬೋರ್ದಿಯು ಬೊಟ್ಟು ಮಾಡುವುದು ಮನೆಗಿಂತ ಜಾಸ್ತಿ ಶಾಲೆಯ ಕಡೆ. ಶಾಲೆ ಕೆಲವು ನಡವಳಿಕೆಗಳನ್ನು ಎಲ್ಲ ಮಕ್ಕಳಿಂದಲೂ ಬಯಸುತ್ತದೆ, ಆದರೆ ಅವನ್ನು ಯಾರಿಗೂ ಕಲಿಸುವುದಿಲ್ಲ. ಮನೆಯಿಂದ ಕಲಿತು ಬಂದವರಿಗೆ ಅದರ ಲಾಭ ಸಿಗುತ್ತದೆ, ಆಮೇಲೆ ಆ ಲಾಭವನ್ನು ಮಗುವಿನ ಸ್ವಂತ ಚುರುಕುತನ ಅಂತ ಬರೆದುಕೊಳ್ಳಲಾಗುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಅಮೆರಿಕದ ಸಮಾಜಶಾಸ್ತ್ರಜ್ಞೆ ಜೆಸ್ಸಿಕಾ ಕಲಾರ್ಕೊ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೂತು ಮಕ್ಕಳನ್ನು ಮೂರನೇ ತರಗತಿಯಿಂದ ಐದನೇ ತರಗತಿವರೆಗೆ ಗಮನಿಸಿದರು. ಅವರ 2011ರ ಲೇಖನದ ವಿಷಯ ತೀರಾ ಸಣ್ಣದು: ಲೆಕ್ಕ ಅರ್ಥವಾಗದಿದ್ದಾಗ ಮಗು ಸಹಾಯ ಕೇಳುತ್ತದೋ ಇಲ್ಲವೋ? ಮಧ್ಯಮ ವರ್ಗದ ಮಕ್ಕಳು ಜಾಸ್ತಿ ಕೇಳುತ್ತಿದ್ದರು. ಕೂತಲ್ಲಿಂದಲೇ ಕೂಗುತ್ತಿದ್ದರು, ಎದ್ದು ಟೀಚರ್ ಹತ್ತಿರ ಹೋಗುತ್ತಿದ್ದರು, ಒಂದು ದಾರಿ ಆಗದಿದ್ದರೆ ಇನ್ನೊಂದು. ದುಡಿಯುವ ವರ್ಗದ ಮಕ್ಕಳು ಕೇಳುವುದೇ ಅಪರೂಪ, ಕೇಳಿದರೂ ಸದ್ದಿಲ್ಲದೆ ಕೈ ಎತ್ತಿ ಕಾಯುತ್ತಿದ್ದರು. ಟೀಚರ್ ಯಾರನ್ನೂ ದೂರ ತಳ್ಳುತ್ತಿರಲಿಲ್ಲ. ಆದರೆ ಇಡೀ ತರಗತಿಯ ಗಲಾಟೆಯಲ್ಲಿ ಸದ್ದಿಲ್ಲದ ಕೈ ಎಷ್ಟು ಹೊತ್ತಿಗೆ ಕಣ್ಣಿಗೆ ಬೀಳುತ್ತದೆ ಹೇಳಿ. ಕೇಳಿದ ಮಗುವಿಗೆ ಬೇಗ ಉತ್ತರ, ಕೆಲಸ ಪೂರ್ತಿ, ಸರಿಯೂ ಹೌದು. ಕಾದ ಮಗುವಿನ ಹಾಳೆ ಅರ್ಧ ಖಾಲಿ.

ಮನೆಯಲ್ಲಿ ಏನು ಕಲಿಸುತ್ತಿದ್ದರು ಅಂತಲೂ ಅವರು ನೋಡಿದರು. ಒಂದು ಕಡೆ ‘ಗೊತ್ತಾಗದಿದ್ದರೆ ಹೋಗಿ ಕೇಳು’ ಅಂತ. ಇನ್ನೊಂದು ಕಡೆ ‘ನೆಪ ಹೇಳಬೇಡ, ಕಷ್ಟಪಟ್ಟು ನೀನೇ ಮಾಡು, ಟೀಚರಿಗೆ ತೊಂದರೆ ಕೊಡಬೇಡ’ ಅಂತ. ಎರಡನೆಯ ಮನೆಯಲ್ಲಿ ಏನು ‘ಕಡಿಮೆ’ ಇದೆ? ಪ್ರಾಮಾಣಿಕತೆ ಇದೆ, ಗೌರವ ಇದೆ, ಸ್ವಂತ ಶ್ರಮದ ಮೇಲೆ ನಂಬಿಕೆ ಇದೆ. ಆ ತರಗತಿಯಲ್ಲಿ ಅದಕ್ಕೆ ಚಲಾವಣೆ ಇಲ್ಲ ಅಷ್ಟೇ. ಗಡಿ ದಾಟಿದ ಮೇಲೆ ನೋಟು ನಡೆಯದ ಹಾಗೆ.

ಮಂಜುಳಾ:

ನಾನು ಈ ಗುಂಪಿನಲ್ಲಿ ಬರೆಯುವುದು ಕಡಿಮೆ, ಆದರೆ ನರಹರಿ ಸರ್ ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವಳು ನಾನೇ ಮೊದಲು. ಪ್ರಶ್ನೆ ಕೇಳಿದರೆ ನನಗೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಅದು ಅವಮಾನ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಗೆಳತಿಯೊಬ್ಬಳು ಅಧ್ಯಾಪಕರ ಕೋಣೆಗೆ ಹೋಗಿ, ಬರೆದದ್ದು ತೋರಿಸಿ, ತಿದ್ದಿಸಿಕೊಂಡು ಬರುತ್ತಿದ್ದಳು. ಅದು ಮೋಸ ಅಂತಲೇ ನಾನು ತಿಳಿದಿದ್ದೆ! ಅಧ್ಯಾಪಕರು ಇರುವುದೇ ಅದಕ್ಕೆ ಅಂತ ನನಗೆ ಯಾರೂ ಹೇಳಿರಲಿಲ್ಲ. ವರದಿಯಲ್ಲಿ ನನಗೆ ಬರೆದದ್ದು ‘ಶಾಂತ ಸ್ವಭಾವ, ಆಸಕ್ತಿ ಸಾಲದು’. ಆಸಕ್ತಿ ಎಷ್ಟಿತ್ತು ಅಂತ ನನಗೆ ಗೊತ್ತು.

ಪದದ ಬಗ್ಗೆ ಹೇಳಲು ನಾನು ದೊಡ್ಡವಳಲ್ಲ, ಆದರೆ ‘ಕಡಿಮೆ’ ಅಂತ ಮಾತ್ರ ಬರೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಪ್ರಕಾಶ:

ಮಂಜುಳಾ ಅವರೇ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೂ ನರಹರಿಯವರಿಗೆ ಒಂದು ಪ್ರಶ್ನೆ. ಪುಸ್ತಕ, ಸಂಗ್ರಹಾಲಯ, ಸಂಗೀತ ಅಂತ ಲೆಕ್ಕ ಹಾಕಿ ಸಮೀಕ್ಷೆಗಳು ಆಗಿಲ್ಲವೇ? ಎಣಿಸಲು ಬರುತ್ತದೆ ಅಂದಮೇಲೆ ಹೆಚ್ಚು ಕಡಿಮೆ ಅನ್ನಲೂ ಬರಬೇಕು. ಚಲಾವಣೆ ಅನ್ನುವುದನ್ನು ಅಳೆಯುವುದು ಹೇಗೆ?

ನರಹರಿ:

ಒಳ್ಳೆಯ ಪ್ರಶ್ನೆ. ಸಮೀಕ್ಷೆಗಳು ಆಗಿವೆ. ಇಂಗ್ಲೆಂಡಿನಲ್ಲಿ ಆಲಿಸ್ ಸಲಿವನ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 16ನೇ ವಯಸ್ಸಿನ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಫಲಿತಾಂಶದ ಮೇಲೆ ಸಾಂಸ್ಕೃತಿಕ ಬಂಡವಾಳ ಏನು ಮಾಡುತ್ತದೆ ಅಂತ ಅವರು ಅಳೆದರು. ನೀವು ಹೇಳಿದ ನಾಟಕ, ಸಂಗ್ರಹಾಲಯಗಳಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ಏನು ಓದುತ್ತಾರೆ, ಟಿವಿಯಲ್ಲಿ ಏನು ನೋಡುತ್ತಾರೆ ಅನ್ನುವುದು ಲೆಕ್ಕಕ್ಕೆ ಬಂತು. ಅದೂ ಹೆಚ್ಚಾಗಿ ಭಾಷೆಯ ಹಿಡಿತ ಮತ್ತು ತಿಳಿವಳಿಕೆಯ ಮೂಲಕ. ಅಂದರೆ ಪುಸ್ತಕದ ವಿಷಯದಲ್ಲಿ ನೀವು ಸರಿ, ಸಂಗ್ರಹಾಲಯದ ವಿಷಯದಲ್ಲಿ ಅಲ್ಲ.

ಇನ್ನೊಂದನ್ನು ಕರಡಿನಲ್ಲಿ ಬಿಡಬಾರದು. ಸಾಂಸ್ಕೃತಿಕ ಬಂಡವಾಳವನ್ನು ಲೆಕ್ಕಕ್ಕೆ ತಗೊಂಡ ಮೇಲೂ ವರ್ಗದ ನೇರ ಪ್ರಭಾವ ದೊಡ್ಡದಾಗಿಯೇ ಉಳಿಯಿತು. ಅಂದಮೇಲೆ ಈ ಒಂದು ಕೀಲಿಯಿಂದ ಎಲ್ಲ ಬೀಗ ತೆಗೆಯಲು ಆಗುವುದಿಲ್ಲ. ಫ್ರಾನ್ಸಿನವರೇ ಆದ ಸಮಾಜಶಾಸ್ತ್ರಜ್ಞ ರೇಮೋ ಬುದೋ 1970ರ ದಶಕದಲ್ಲೇ ಬೇರೆ ದಾರಿ ಹಿಡಿದಿದ್ದರು. ಇಬ್ಬರು ಮಕ್ಕಳಿಗೆ ಒಂದೇ ಅಂಕ ಬಂದಿದೆ ಅನ್ನಿ. ಕೈ ಬಿಗಿ ಇರುವ ಮನೆಯವರು ಬೇಗ ಸಂಪಾದನೆಗೆ ಹತ್ತಿಸುವ ಚಿಕ್ಕ ಕೋರ್ಸು ಆರಿಸುತ್ತಾರೆ. ದೊಡ್ಡ ಓದಿನಲ್ಲಿ ಮಗು ಎಡವಿದರೆ ಅವರಿಗೆ ಆಗುವ ನಷ್ಟ ಜಾಸ್ತಿ. ಇಲ್ಲಿ ನಡವಳಿಕೆಯ ಮಾತೇ ಇಲ್ಲ, ಖರ್ಚು ಮತ್ತು ಅಪಾಯದ ಲೆಕ್ಕಾಚಾರ. ಅಂಕದಲ್ಲಿನ ಅಂತರ ಬೇರೆ, ಒಂದೇ ಅಂಕ ಬಂದ ಮೇಲೆ ಆಯ್ಕೆಯಲ್ಲಿನ ಅಂತರ ಬೇರೆ. ಎರಡನ್ನೂ ‘ಬಂಡವಾಳ’ದ ಕೆಳಗೆ ತುರುಕಿದರೆ ಶಿಕ್ಷಕರಿಗೆ ಎಲ್ಲಿ ಕೈ ಹಾಕಬೇಕು ಅಂತ ತಿಳಿಯುವುದಿಲ್ಲ.

ಚಲಾವಣೆಯನ್ನು ಗುರುತಿಸುವುದು ಹೇಗೆ ಅಂದಿರಿ. ಶಾಲೆಯ ನಿಯಮ ಬದಲಾಯಿಸಿ ನೋಡುವುದು ಒಂದು ದಾರಿ. ಕಲಾರ್ಕೊ ಅವರೇ ಇನ್ನೊಂದು ಲೇಖನದಲ್ಲಿ ಇದಕ್ಕೆ ಹತ್ತಿರದ ಮಾತು ಹೇಳಿದ್ದಾರೆ. ಟೀಚರ್ ಏನು ಬಯಸುತ್ತಾರೆ ಅನ್ನುವುದು ಮಸುಕಾಗಿದ್ದಾಗಲೇ ಎರಡು ವರ್ಗದ ಮಕ್ಕಳ ನಡವಳಿಕೆ ಹೆಚ್ಚು ಬೇರೆಯಾಗುತ್ತದೆ. ಈಗ ಕೇಳಬಹುದೋ ಇಲ್ಲವೋ ಅಂತ ಟೀಚರ್ ಬಿಡಿಸಿ ಹೇಳಿದಾಗ ಅಂತರ ಕುಗ್ಗುತ್ತದೆ. ಮಗುವಿನ ಒಳಗೇ ಕೊರತೆ ಇದ್ದಿದ್ದರೆ ಒಂದು ಮಾತಿಗೆ ಅದು ಕುಗ್ಗುತ್ತಿತ್ತಾ? ಒಂದು ಶಾಲೆಯಲ್ಲಿ ಕೂತು ನೋಡಿದ್ದು ಇದು, ಎಲ್ಲ ಕಡೆಗೂ ಹಾಗೇ ಹಚ್ಚಬಾರದು ನಿಜ.

ರೂಪಾ:

ಎಲ್ಲರಿಗೂ ಧನ್ಯವಾದ. ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಈ ಮಕ್ಕಳು ಮನೆಯಲ್ಲಿ ಕಲಿತದ್ದನ್ನು ಶಾಲೆ ಬಂಡವಾಳವಾಗಿ ಒಪ್ಪಿಕೊಳ್ಳುವುದಿಲ್ಲ.’ ಕೆಳಗೆ ಸಹಾಯ ಕೇಳುವ ಉದಾಹರಣೆ ಸೇರಿಸುತ್ತೇನೆ. ಒಂದೇ ಅಂಕ ಬಂದರೂ ಆಯ್ಕೆ ಬೇರೆಯಾಗುವುದನ್ನು ಬೇರೆ ಅಧ್ಯಾಯಕ್ಕೆ ಹಾಕಲು ಲೇಖಕರಿಗೆ ಹೇಳುತ್ತೇನೆ. ‘ಸಂಸ್ಕಾರ’ದ ಗೊಂದಲ ಬರದಂತೆ ‘ಸಾಂಸ್ಕೃತಿಕ’ ಅನ್ನುವುದನ್ನು ಮೊದಲ ಪುಟದಲ್ಲೇ ವಿವರಿಸಬೇಕು.

‘ಪುನರುತ್ಪಾದನೆ’ ಇನ್ನೂ ಬಗೆಹರಿದಿಲ್ಲ. ‘ಅಸಮಾನತೆಯ ಮುಂದುವರಿಕೆ’ ಅಂದರೆ ಹೇಗೆ?

ವಸುಧಾ:

‘ಮುಂದುವರಿಕೆ’ ನನಗೆ ಒಪ್ಪಿಗೆ. ಓದಿದ ಕೂಡಲೇ ತಿಳಿಯುತ್ತದೆ, ನನ್ನ ಹೊಲಕ್ಕೂ ನುಗ್ಗುವುದಿಲ್ಲ. ಒಂದು ಮಾತು ಮಾತ್ರ. ‘ಹೋಗಿ ಕೇಳು’ ಅಂತ ಮಗುವಿಗೆ ದಿನಾ ಕಲಿಸುವವರು ಯಾರು? ಬಹಳ ಮನೆಗಳಲ್ಲಿ ಅಮ್ಮ. ಆ ಸಂಬಳವಿಲ್ಲದ ದುಡಿಮೆಯಿಂದಲೇ ನಿಮ್ಮ ಬಂಡವಾಳ ಬೆಳೆಯುವುದು. ಎರಡು ಹೊಲಗಳ ನಡುವೆ ಬದು ಅಷ್ಟೇನೂ ಎತ್ತರ ಇಲ್ಲ, ನರಹರಿಯವರೇ.

ನರಹರಿ:

ಒಪ್ಪಿದೆ. ಬೋರ್ದಿಯು ಕೂಡ ಈ ಬಂಡವಾಳ ಕೂಡಿಡಲು ಮನೆಯವರ ಸಮಯ ಬೇಕು, ಅದರಲ್ಲೂ ಅಮ್ಮನ ಬಿಡುವಿನ ಸಮಯ ಅನ್ನುತ್ತಾರೆ. ಆದರೆ ‘ಮುಂದುವರಿಕೆ’ ನನಗೆ ಹಿಡಿಸಲಿಲ್ಲ. ಮುಂದುವರಿಕೆ ಅಂದರೆ ತಾನಾಗಿ ನಡೆದುಕೊಂಡು ಹೋಗುವಂಥದ್ದು. ಇಲ್ಲಿ ಪ್ರತಿ ತಲೆಮಾರಿನಲ್ಲೂ ಮನೆ ಮತ್ತು ಶಾಲೆ ಸೇರಿ ಅಂತರವನ್ನು ಹೊಸದಾಗಿ ತಯಾರಿಸುತ್ತವೆ. ಆ ತಯಾರಿಕೆ ಪದದಲ್ಲಿ ಕಾಣಬೇಕು.

ಮಂಜುಳಾ:

‘ಮರುತಯಾರಿ’ ಅಂದರೆ ತೀರಾ ಕಾರ್ಖಾನೆಯ ಪದ ಆಗುತ್ತದಾ ಸರ್?